ಮೂಕ ಕಂಬಕ್ಕೆ ಎರಡು ಹೆಸರು

ವಿಲೆ ಪಾರ್ಲೆ ಪೂರ್ವದ ನಮ್ಮ ಕಟ್ಟಡದಲ್ಲಿ ಕ್ರೋಶಾ ಹಾಕುವವರು ಐದಾರು ಮಂದಿ ಇದ್ದೇವೆ. ಹೆಚ್ಚಿನವರು ಮರಾಠಿ ಮನೆಯವರು. ಹಾಗಾಗಿ ಈ ಕೆಲಸದ ಮಾತುಗಳೆಲ್ಲ ನನ್ನ ಬಾಯಿಗೆ ಮರಾಠಿಯಲ್ಲೇ ಕೂತಿವೆ. ಸರಪಳಿಗೆ ಅವರು ಸಾಖಳಿ ಎನ್ನುತ್ತಾರೆ, ಕಂಬಕ್ಕೆ ಖಾಂಬ್. ಸೂಜಿಗೆ ದಾರ ಸುತ್ತದೆ ಹಾಕುವ ಗಿಡ್ಡ ಹೆಣಿಗೆ ಮುಕಾ ಖಾಂಬ್, ಅಂದರೆ ಮೂಕ ಕಂಬ. ಒಮ್ಮೆ ದಾರ ಸುತ್ತಿಕೊಂಡು ಹಾಕುವ ಎತ್ತರದ ಹೆಣಿಗೆ ಬರೀ ಖಾಂಬ್. ಯಾಕೆ ಮೂಕ ಎಂದು ಯಾರೂ ನನಗೆ ಹೇಳಿಲ್ಲ, ಆದರೆ ಒಮ್ಮೆ ಕಲಿತವರು ಇವೆರಡನ್ನು ಅದಲುಬದಲು ಮಾಡುವುದಿಲ್ಲ.

ಗೊಂದಲ ಶುರುವಾಗುವುದು ಇಂಗ್ಲಿಷ್ ನಮೂನೆ ಕೈಗೆ ಬಂದಾಗ. ಇಂಗ್ಲಿಷಿನವರಲ್ಲಿ ಇದೇ ಹೆಣಿಗೆಗಳಿಗೆ ಎರಡು ನಾಮಾವಳಿಗಳಿವೆ, ಒಂದು ಬ್ರಿಟನ್ನಿನದು, ಇನ್ನೊಂದು ಅಮೆರಿಕದ್ದು. ಬೇರೆ ಬೇರೆ ಪದಗಳಾಗಿದ್ದರೆ ತೊಂದರೆ ಇರಲಿಲ್ಲ. ಇಬ್ಬರೂ ಅದೇ ಪದಗಳನ್ನು ಒಂದು ಮೆಟ್ಟಿಲು ಆಚೀಚೆ ಇಟ್ಟಿದ್ದಾರೆ. ಬ್ರಿಟನ್ನಿನಲ್ಲಿ ಡಬಲ್ ಕ್ರೋಶೆ ಎಂದರೆ ನಮ್ಮ ಮೂಕ ಕಂಬ. ಅಮೆರಿಕದಲ್ಲಿ ಡಬಲ್ ಕ್ರೋಶೆ ಎಂದರೆ ಕಂಬ. ಅಮೆರಿಕದವರು ಮೂಕ ಕಂಬವನ್ನು ಸಿಂಗಲ್ ಎನ್ನುತ್ತಾರೆ, ಬ್ರಿಟನ್ನಿನವರು ಕಂಬವನ್ನು ಟ್ರೆಬಲ್ ಎನ್ನುತ್ತಾರೆ. ಕಾಗದದ ಮೇಲೆ ಮಾತ್ರ ಎರಡೂ ಕಡೆ `dc` ಎಂದೇ ಇರುತ್ತದೆ.

ಇದು ಹುಚ್ಚುತನವಲ್ಲ, ಇಬ್ಬರ ಲೆಕ್ಕವೂ ಕೈಯಲ್ಲಿ ಸಿಗುತ್ತದೆ. ಮೂಕ ಕಂಬಕ್ಕೆ ಸೂಜಿ ತೂರಿಸಿ ದಾರ ಎಳೆದುಕೊಂಡಾಗ ಸೂಜಿಯ ಮೇಲೆ ಎರಡು ಕುಣಿಕೆ ಇರುತ್ತವೆ. ಆಮೇಲೆ ಒಂದೇ ಎಳೆತಕ್ಕೆ ಎರಡನ್ನೂ ಇಳಿಸುತ್ತೇವೆ. ಕುಣಿಕೆ ಎಣಿಸಿದರೆ ಎರಡು, ಎಂದರೆ ಬ್ರಿಟನ್ನಿನ ಡಬಲ್. ಎಳೆತ ಎಣಿಸಿದರೆ ಒಂದು, ಎಂದರೆ ಅಮೆರಿಕದ ಸಿಂಗಲ್. ಕಂಬದಲ್ಲಿ ಮೂರು ಕುಣಿಕೆ, ಎರಡು ಎಳೆತ. ಎರಡು ಸುತ್ತಿನ ಕಂಬದಲ್ಲಿ ನಾಲ್ಕು ಕುಣಿಕೆ, ಮೂರು ಎಳೆತ. ಅದು ಅಮೆರಿಕದಲ್ಲಿ ಟ್ರೆಬಲ್, ಬ್ರಿಟನ್ನಿನಲ್ಲಿ ಡಬಲ್ ಟ್ರೆಬಲ್. ಬಾಯಿಪಾಠ ಮಾಡುವುದಕ್ಕಿಂತ ನನಗೆ ಈ ಎಣಿಕೆಯೇ ಹಿತ.

ಕಳೆದ ವರ್ಷ ಮೂರನೇ ಮಹಡಿಯ ಅಕ್ಕ, ನಮ್ಮ ಉಡುಪಿ ಕಡೆಯವರು, ಒಂದು ಚೀಲ ಹಿಡಿದು ಬಂದರು. ಮಗಳು ಲೀಡ್ಸಿನಲ್ಲಿ ಬಸುರಿ. ಬಾಣಂತನಕ್ಕೆ ಹೊರಡಲು ಮೂರು ವಾರ ಬಾಕಿ. ಕಂಬಳಿಯ ನಮೂನೆಯನ್ನು ಮಗಳೇ ಫೋನಿಗೆ ಕಳಿಸಿದ್ದಳು. ಅದರಲ್ಲಿ ಹೇಳಿದಷ್ಟೇ ಉಲ್ಲನನ್ನು ಅಕ್ಕ ಮಾರುಕಟ್ಟೆಯಿಂದ ತಂದಿದ್ದರು, ಎಲ್ಲ ಉಂಡೆಗಳೂ ಒಂದೇ ಲಾಟಿನವು. ಅಂಗಡಿಯಲ್ಲಿ ಆ ಲಾಟು ಆಗಲೇ ಮುಗಿದಿತ್ತು.

"ನೋಡು ಮಾರಾಯ್ತಿ, ಹತ್ತು ಸಾಲಿಗೇ ಎಷ್ಟು ಉದ್ದ ಆಗಿದೆ! ಉಲ್ಲನ್ ಖಂಡಿತ ಸಾಲುವುದಿಲ್ಲ" ಎಂದರು.

ನಮೂನೆಯ ಸಾಲುಗಳು ಹೀಗಿದ್ದವು:

```
Row 1: 1 dc in 2nd ch from hook, 1 dc in each ch to end.
Row 2: 3 ch, miss first st, 1 tr in each st to end.
Row 3: 1 ch, 1 dc in each st to end.
```

ಎರಡನೆಯ, ಮೂರನೆಯ ಸಾಲುಗಳನ್ನೇ ಕೊನೆಯವರೆಗೂ ಮರುಕಳಿಸಬೇಕು. ಅಕ್ಕ ಕಲಿತದ್ದು ಅಮೆರಿಕದವರ ವಿಡಿಯೋ ನೋಡಿ. ಅವರ ಕೈಗೆ `dc` ಎಂದರೆ ಕಂಬ, `tr` ಎಂದರೆ ಎರಡು ಸುತ್ತಿನ ಕಂಬ. ಹಾಗೇ ಹಾಕಿದ್ದರು.

ಸಾಕ್ಷಿಗಳು ಅಲ್ಲೇ ಇದ್ದವು. `miss` ಎನ್ನುವುದು ಬ್ರಿಟನ್ನಿನವರ ಮಾತು, ಅಮೆರಿಕದವರು `skip` ಎನ್ನುತ್ತಾರೆ. ಆದರೆ ನಾನು ಹೆಚ್ಚು ನಂಬುವುದು ಸರಪಳಿಯನ್ನು. ಹೊಸ ಸಾಲು ಶುರುಮಾಡುವಾಗ ಆ ಸಾಲಿನ ಎತ್ತರಕ್ಕೆ ಸರಪಳಿ ಏರಬೇಕು. ಮೂಕ ಕಂಬಕ್ಕೆ ಒಂದು, ಕಂಬಕ್ಕೆ ಮೂರು, ಎರಡು ಸುತ್ತಿನದಕ್ಕೆ ನಾಲ್ಕು. ಇಲ್ಲಿ `dc` ಸಾಲಿಗೆ ಒಂದೇ ಸರಪಳಿ, `tr` ಸಾಲಿಗೆ ಮೂರು. ಎರಡನೆಯ ಸರಪಳಿಗೆ `dc` ಹಾಕು ಎಂದರೂ ಅದೇ ಅರ್ಥ. ಕಂಬವಾಗಿದ್ದರೆ ಸಾಮಾನ್ಯವಾಗಿ ನಾಲ್ಕನೆಯದಕ್ಕೆ ಹಾಕಿಸುತ್ತಾರೆ. ಹೆಸರು ಸುಳ್ಳು ಹೇಳಬಹುದು, ಸರಪಳಿ ಅಷ್ಟು ಸುಲಭವಾಗಿ ಹೇಳುವುದಿಲ್ಲ.

ಅಕ್ಕನ ತುಂಡೂ ಅದನ್ನೇ ಹೇಳುತ್ತಿತ್ತು. ಎರಡೂ ಅಂಚುಗಳು ಬಿಗಿದು ಒಳಗೆ ಎಳೆದುಕೊಂಡಿದ್ದವು, ಎತ್ತರದ ಸಾಲಿಗೆ ಗಿಡ್ಡ ಸರಪಳಿ ಏರಿಸಿದರೆ ಆಗುವುದೇ ಹಾಗೆ. ಅಳತೆಯ ಪ್ರಕಾರ ಹತ್ತು ಸಾಲಿಗೆ 8 ಸೆಂಟಿಮೀಟರ್ ಬರಬೇಕಿತ್ತು, ಬಂದದ್ದು 14ರ ಹತ್ತಿರ. ಸರಪಳಿಯಲ್ಲೇ ಲೆಕ್ಕ ಹಾಕಿ ತೋರಿಸಿದೆ. ಒಂದು ಗಿಡ್ಡ ಸಾಲು, ಒಂದು ಎತ್ತರದ ಸಾಲು ಸೇರಿದರೆ ಒಂದು ಮತ್ತು ಮೂರು, ನಾಲ್ಕು. ಅವರು ಹಾಕಿದ್ದು ಮೂರು ಮತ್ತು ನಾಲ್ಕು, ಏಳು. ಎಂಟನ್ನು ನಾಲ್ಕರಿಂದ ಏಳಕ್ಕೆ ಹಿಗ್ಗಿಸಿದರೆ ಹದಿನಾಲ್ಕು. ಲೆಕ್ಕ ಯಾವಾಗಲೂ ಇಷ್ಟು ಚೊಕ್ಕವಾಗಿ ಕೂರುವುದಿಲ್ಲ, ಅವತ್ತು ಕೂತಿತು. ಹಾಗೇ ಮುಂದುವರಿಸಿದ್ದರೆ 80 ಸೆಂಟಿಮೀಟರಿನ ಕಂಬಳಿ 140 ಆಗುತ್ತಿತ್ತು, ಅದೂ ಉಲ್ಲನ್ ಸಿಕ್ಕಿದ್ದರೆ.

ಅಕ್ಕ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಹಾಗಾದರೆ ಬಿಚ್ಚುವುದೇ?" ಎಂದರು. ಬಿಚ್ಚುವುದೇ. ಎಳೆದರೆ ಸರ್ರನೆ ಬಿಚ್ಚಿಕೊಳ್ಳುವುದು ಕ್ರೋಶಾದ ಒಂದು ಪುಣ್ಯ.

ನಮೂನೆ ಇನ್ನೂ ಎರಡು ಪುಟ ಇತ್ತು, ಅಂಚಿನ ಹೂವುಗಳೂ ಸೇರಿ. ಪ್ರತಿ ಸಲ ಮನಸ್ಸಿನಲ್ಲಿ ಬದಲಿಸಿಕೊಳ್ಳುವುದು ಬೇಡ ಎಂದು ಅಕ್ಕನ ತಮ್ಮನ ಮಗಳು ಅದನ್ನು ಕಂಪ್ಯೂಟರಿಗೆ ಹಾಕಿ ಅಮೆರಿಕದ ಹೆಸರಿಗೆ ತಿರುಗಿಸಿ ತಂದಳು. ನೋಡಿದರೆ ಇಡೀ ಕಂಬಳಿ ಬರೀ `sc`, ಕಂಬವೇ ಇಲ್ಲ! ಹುಡುಗಿ ಮೊದಲು `tr` ಇದ್ದಲ್ಲೆಲ್ಲ `dc` ಮಾಡಿದ್ದಳು, ಆಮೇಲೆ `dc` ಇದ್ದಲ್ಲೆಲ್ಲ `sc` ಮಾಡಿದ್ದಳು. ಆಗ ಹಳೆಯ `dc` ಜೊತೆಗೆ ಹೊಸ `dc` ಕೂಡ ಕೊಚ್ಚಿಕೊಂಡು ಹೋಗುತ್ತದೆ. ಬ್ರಿಟನ್ನಿನಿಂದ ಅಮೆರಿಕಕ್ಕೆ ತಿರುಗಿಸುವಾಗ ಗಿಡ್ಡದರಿಂದ ಶುರುಮಾಡಬೇಕು:

```
dc  -> sc
tr  -> dc
dtr -> tr
```

ಅಮೆರಿಕದಿಂದ ಬ್ರಿಟನ್ನಿಗಾದರೆ ಕೆಳಗಿನಿಂದ ಮೇಲಕ್ಕೆ, ಎತ್ತರದ್ದು ಮೊದಲು. ಬಸ್ಸಿನಲ್ಲಿ ಸೀಟು ಬದಲಿಸಿದ ಹಾಗೆ, ಮುಂದಿನವರು ಎದ್ದ ಮೇಲೆಯೇ ಹಿಂದಿನವರು ಅಲ್ಲಿ ಕೂರಬೇಕು.

ಎರಡನೆಯ ಸಲ ಕ್ರಮ ಸರಿಯಾಯಿತು, ಆದರೆ ಒಂದು ಕಡೆ `cendce` ಎಂದು ಬಂತು. ಇದು ಯಾವ ಹೆಣಿಗೆ ಎಂದು ಮೂವರೂ ತಲೆ ಕೆರೆದುಕೊಂಡೆವು. `centre` ಪದದ ಹೊಟ್ಟೆಯಲ್ಲಿದ್ದ `tr` ಕೂಡ ಬದಲಾಗಿತ್ತು! ಅಂಚಿನ ಹೂವಿನ `dtr` ಅದೇ ರೀತಿ `ddc` ಆಗಿ ಕೂತಿತ್ತು. ಬಿಡಿ ಪದವನ್ನು ಮಾತ್ರ ಹುಡುಕು ಎಂದು ಕಂಪ್ಯೂಟರಿಗೆ ಹೇಳಬೇಕು, ಇಲ್ಲವೇ ಪೆನ್ನು ಹಿಡಿದು ಕೂರಬೇಕು. ಅಕ್ಕ ಪೆನ್ನು ಹಿಡಿದರು. ಪ್ರತಿ `dc` ಮೇಲೆ ಕೆಂಪು ಶಾಯಿಯಲ್ಲಿ ಮೂಕ, ಪ್ರತಿ `tr` ಮೇಲೆ ಕಂಬ ಎಂದು ಕನ್ನಡದಲ್ಲೇ ಬರೆದುಕೊಂಡರು. ನನಗೆ ಕಂಡಂತೆ ಅದೇ ಅತ್ಯಂತ ಸುರಕ್ಷಿತ ಅನುವಾದ.

ಇಷ್ಟಾದರೂ ಹಿಡಿತಕ್ಕೆ ಸಿಗದ ನಮೂನೆಗಳಿರುತ್ತವೆ. `sc` ಅಥವಾ `hdc` ಕಂಡರೆ ಈಗಿನ ನಮೂನೆ ಅಮೆರಿಕದ್ದೇ, `htr` ಕಂಡರೆ ಬ್ರಿಟನ್ನಿನದೇ. ಆದರೆ ಬ್ರಿಟನ್ನಿನ ತೀರಾ ಹಳೆಯ ಪುಸ್ತಕಗಳಲ್ಲಿ ಸಿಂಗಲ್ ಎಂದರೆ ಈಗಿನ ಸ್ಲಿಪ್ ಸ್ಟಿಚ್. ಅಜ್ಜಿಯ ಪೆಟ್ಟಿಗೆಯಿಂದ ತೆಗೆದ ಪುಸ್ತಕಕ್ಕೆ ಮೇಲಿನ ನಿಯಮ ಹಚ್ಚಬಾರದು. ಕಂಬದ ಸಾಲಿಗೆ ಎರಡೇ ಸರಪಳಿ ಏರಿಸುವವರೂ ಈಗ ಇದ್ದಾರೆ. ಅಂಥಲ್ಲಿ ಚಿತ್ರ ನೋಡಿ, ಒಂದು ಸಣ್ಣ ತುಂಡು ಹಾಕಿ ಸ್ಕೇಲು ಹಿಡಿಯುವುದೇ ದಾರಿ.

ಅಕ್ಕ ಮತ್ತೆ ಹತ್ತು ಸಾಲು ಹಾಕಿ ತಂದರು. ಎಂಟಕ್ಕೆ ಒಂದು ಗೆರೆ ಹೆಚ್ಚು ಇತ್ತು, ಅವರ ಕೈ ಸ್ವಲ್ಪ ಸಡಿಲ. ಅಂಚು ನೇರವಾಗಿತ್ತು. ಹೊರಡುವ ಹಿಂದಿನ ದಿನ ಕೊನೆಯ ಹೂವು ಮುಗಿಯಿತು. ಒಂದು ಉಂಡೆಯಲ್ಲಿ ಅರ್ಧ ಉಳಿದಿತ್ತು, ಮಗುವಿನ ಟೋಪಿಗಾಯಿತು ಎಂದು ಅದನ್ನೂ ಪೆಟ್ಟಿಗೆಗೆ ಹಾಕಿಕೊಂಡರು.