ಎರಡು ಕಿಟಕಿ, ಒಂದು ಪಹಣಿ

ಮೊನ್ನೆ ಊರಿಗೆ ಹೋಗಿದ್ದೆ. ನಮ್ಮೂರು ಅಫಜಲಪುರ ತಾಲ್ಲೂಕಿನ ಕರಜಗಿ. ತೊಗರಿಗೆ ಬೆಳೆವಿಮೆ ಅರ್ಜಿ ಹಾಕೋದಿತ್ತು. ಮನೆತನದ ಹನ್ನೆರಡು ಪಹಣಿ ನೋಡಿ ಪಟ್ಟಿ ಮಾಡಿಕೊಡು ಅಂದ್ರು ಕಾಕಾ.

ಪಹಣಿ ಪಿಡಿಎಫ್‌ನಲ್ಲಿ, ಪಟ್ಟಿ ಎಕ್ಸೆಲ್‌ನಲ್ಲಿ. ಪಹಣಿಯ ನಂಬರ್ ನೆನಪಿಟ್ಟುಕೊಂಡು Alt + Tab ಒತ್ತಿ ಎಕ್ಸೆಲ್‌ನಲ್ಲಿ ಬರೆಯೋದು, ಮತ್ತೆ Alt + Tab ಒತ್ತಿ ಪಹಣಿಗೆ ಬರೋದು. ನಡುವೆ ವಾಟ್ಸಾಪ್ ತೆಗೆದು ಯಾರಿಗೋ ಉತ್ತರ ಕೊಟ್ಟೆ. ಅಲ್ಲಿಂದ ಶುರುವಾಯ್ತು ಗಲಿಬಿಲಿ... ಸಂಜೆ ಕಾಕಾ ಪಟ್ಟಿ ನೋಡಿ ಅಂದ್ರು, "ತಮ್ಮಾ, 47/2 ನಮ್ಮದು. ನೀ ಬರದಿದ್ದು 42/7. ಅದು ಮಂದಿ ಹೊಲ!"

ತಪ್ಪು ನನ್ನದೇ. Alt + Tab ಕಿಟಕಿಗಳನ್ನು ತೋರಿಸೋದು ಇತ್ತೀಚೆಗೆ ಬಳಸಿದ ಕ್ರಮದಲ್ಲಿ. ಒಮ್ಮೆ ಒತ್ತಿ ಬಿಟ್ಟರೆ ಈಗಷ್ಟೇ ಬಿಟ್ಟು ಬಂದ ಕಿಟಕಿಗೆ ಹೋಗುತ್ತೆ. ಎರಡೇ ಕಿಟಕಿ ಇದ್ದರೆ ಜೋಕಾಲಿ ಥರ ಸಲೀಸು. ಮೂರನೆಯದು ನಡುವೆ ಬಂದರೆ ಕೈಯ ಅಭ್ಯಾಸ ತಪ್ಪುತ್ತೆ, ತಲೆಯಲ್ಲಿದ್ದ ನಂಬರ್ ಅದಲುಬದಲಾಗುತ್ತೆ.

ರಾತ್ರಿ ಮತ್ತೆ ಕೂತೆ. ಪಹಣಿಯ ಕಿಟಕಿಯಲ್ಲಿದ್ದು Win + ← ಒತ್ತಿದೆ, ಅದು ಎಡಗಡೆ ಅರ್ಧ ಪರದೆಗೆ ಅಂಟಿಕೊಂಡಿತು. ಉಳಿದ ಕಿಟಕಿಗಳು ಬಲಗಡೆ ಚಿಕ್ಕದಾಗಿ ಕಂಡವು, ಅದರಲ್ಲಿ ಎಕ್ಸೆಲ್ ಆರಿಸಿದೆ. ಈ ಅಂಟಿಸೋ ಸೌಲಭ್ಯ 2009ರ ವಿಂಡೋಸ್ 7ರಿಂದಲೇ ಇದೆ, ನಾನೇ ಬಳಸಿರಲಿಲ್ಲ :)

ಇನ್ನೊಂದು ಅನುಕೂಲ. ವಿಂಡೋಸ್ 10 ಮತ್ತು 11ರಲ್ಲಿ ಮೌಸ್ ಬಾಣವನ್ನು ಪಹಣಿಯ ಮೇಲಿಟ್ಟು ಚಕ್ರ ತಿರುಗಿಸಿದರೆ ಪಹಣಿ ಸರಿಯುತ್ತೆ, ಕ್ಲಿಕ್ ಮಾಡಬೇಕಿಲ್ಲ. ಟೈಪ್ ಮಾಡಿದ್ದು ಮಾತ್ರ ಎಕ್ಸೆಲ್‌ಗೇ ಹೋಗುತ್ತೆ.

ಎರಡೂ ಒಂದೇ ಬ್ರೌಸರಿನ ಟ್ಯಾಬ್‌ಗಳಾಗಿದ್ದರೆ ಹೀಗೆ ಅಂಟಿಸೋಕೆ ಬರೋದಿಲ್ಲ. ಒಂದು ಟ್ಯಾಬನ್ನು ಹೊರಗೆಳೆದು ಬೇರೆ ಕಿಟಕಿ ಮಾಡಿಕೊಳ್ಳಿ. ಚಿಕ್ಕ ಪರದೆಯಲ್ಲಿ ಕೆಲವು ತಂತ್ರಾಂಶಗಳು ಅರ್ಧದಲ್ಲಿ ಹಿಡಿಸದೆ ಪಕ್ಕದ ಕಿಟಕಿಯ ಮೇಲೆ ಹರಡಿಕೊಳ್ಳುತ್ತವೆ. ಅಂಚು ಮುಚ್ಚಿಹೋಗಿದೆಯಾ ನೋಡಿಕೊಳ್ಳಿ.

ಇನ್ನು ವಾಟ್ಸಾಪ್. Win + Ctrl + D ಒತ್ತಿದರೆ ಹೊಸ ಖಾಲಿ ಡೆಸ್ಕ್‌ಟಾಪ್ ಬರುತ್ತೆ. ವಾಟ್ಸಾಪ್ ಮುಚ್ಚಿ ಅಲ್ಲಿ ತೆರೆದೆ. Win + Ctrl + ← ಒತ್ತಿ ಪಹಣಿಗೆ ವಾಪಸ್. ಸೆಟ್ಟಿಂಗ್ಸ್ ಬದಲಿಸದಿದ್ದರೆ Alt + Tab ಈಗಿರುವ ಡೆಸ್ಕ್‌ಟಾಪಿನ ಕಿಟಕಿಗಳನ್ನಷ್ಟೇ ತೋರಿಸುತ್ತೆ. ಹಾಗಾಗಿ ಮೂರನೆಯದು ಅಡ್ಡ ಬರಲಿಲ್ಲ. ಕೆಲಸ ಮುಗಿದ ಮೇಲೆ ಆ ಡೆಸ್ಕ್‌ಟಾಪಿನಲ್ಲಿ Win + Ctrl + F4 ಒತ್ತಿದರೆ ಅದು ಹೋಗುತ್ತೆ. ಅದರಲ್ಲಿದ್ದ ಕಿಟಕಿಗಳು ಮುಚ್ಚೋದಿಲ್ಲ, ಪಕ್ಕದ ಡೆಸ್ಕ್‌ಟಾಪಿಗೆ ಬರುತ್ತವೆ.

ಹನ್ನೆರಡೂ ಪಹಣಿಗಳನ್ನು ಪಟ್ಟಿಯ ಪಕ್ಕ ಇಟ್ಟು ಮತ್ತೆ ನೋಡಿದೆ. ಕಾಕಾನ ಕಣ್ಣಿಗೂ ಬೀಳದ ಇನ್ನೊಂದು ತಪ್ಪು ಸಿಕ್ತು. ನಮ್ಮ ಅತ್ತೆಯ ಹೊಲದ ಹಿಸ್ಸಾ ನಂಬರ್ 3ರ ಬದಲು 8 ಬರೆದಿದ್ದೆ. ಅರ್ಜಿ ಹೋಗೋ ಮೊದಲೇ ತಿದ್ದಿದೆ. ಕಾಕಾಗೆ ಹೇಳಿದಾಗ ನಕ್ಕು ಅಂದ್ರು, "ಎರಡೂ ಬಾಜೂಕ ಇಟ್ಟು ನೋಡಬೇಕಂತ ಮೊದಲೇ ತಿಳೀಲಿಲ್ಲೇನೋ?"