ಕಿತ್ತಳೆಗೆ ನೀಲಿ, ಹಳದಿಗೆ ನೇರಳೆ

ಬಿಳಿ ಪಂಚೆ ಹಳದಿಗಟ್ಟಿದರೆ ‘ನೀಲಿ’ ಹಾಕುತ್ತೇವೆ. ಆದರೆ ಉಜಾಲಾ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, ಒಳಗಿನ ಬಣ್ಣ ನೇರಳೆಯ ಕಡೆಗೆ ವಾಲಿರುತ್ತದೆ. ನೇರಳೆ ಹಳದಿಯನ್ನು ಅಡಗಿಸುತ್ತದೆ, ನೀಲಿ ಕಿತ್ತಳೆಯನ್ನು. ಬಣ್ಣದ ಕೂದಲಿಗೆ ಬರುವ ನೇರಳೆ, ನೀಲಿ ಶಾಂಪೂಗಳ ಲೆಕ್ಕವೂ ಇದೇ.

ನಾನು ಬನಶಂಕರಿಯ ಒಂದು ಪಾರ್ಲರಿನಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಕಪ್ಪು ಕೂದಲಿಗೆ ಬ್ಲೀಚ್ ಹಾಕಿದರೆ ಅದು ಮೊದಲು ಕೆಂಪಾಗಿ, ಆಮೇಲೆ ಕಿತ್ತಳೆಯಾಗಿ, ಕೊನೆಗೆ ಹಳದಿಯಾಗುತ್ತದೆ. ಹೆಚ್ಚಿನವರು ಕಿತ್ತಳೆಯಲ್ಲೇ ನಿಲ್ಲಿಸುತ್ತಾರೆ. ಆದರೂ ತರುವುದು ನೇರಳೆ ಶಾಂಪೂ, ಏಕೆಂದರೆ ಇಂಟರ್‌ನೆಟ್ಟಿನಲ್ಲಿ ಕಾಣುವುದು ಹೊಂಬಣ್ಣದ ಕೂದಲಿನವರ ವಿಡಿಯೊಗಳು.

ಜಯನಗರದ ಹುಡುಗಿಯೊಬ್ಬಳು ಬಂದಳು. ಮೂರು ವಾರ ನೇರಳೆ ಹಾಕಿದ್ದರೂ ಹೈಲೈಟ್ಸ್ ಕಿತ್ತಳೆ ಸಿಪ್ಪೆಯಂತೆಯೇ ಇದ್ದವು. ‘ಅಕ್ಕಾ, ಹತ್ತು ದಿನಕ್ಕೆ ಮದುವೆ ಇದೆ, ಇನ್ನೊಂದು ಸಲ ಬ್ಲೀಚ್ ಮಾಡಿಬಿಡಿ’ ಎಂದಳು. ಒದ್ದೆ ಮಾಡಿದ ಒಂದು ಎಳೆಯನ್ನು ಮೆಲ್ಲಗೆ ಎಳೆದೆ. ರಬ್ಬರಿನಂತೆ ಹಿಗ್ಗಿತು, ಹಿಂದಕ್ಕೆ ಬರಲಿಲ್ಲ. ಇನ್ನೊಮ್ಮೆ ಬ್ಲೀಚ್ ತಗುಲಿದರೆ ಆ ಕೂದಲು ಬಾಚಣಿಗೆಯಲ್ಲೇ ತುಂಡಾಗುತ್ತಿತ್ತು.

ನೀಲಿ ಶಾಂಪೂ ತೆಗೆದುಕೊಂಡೆ. ಕೈಗೆ ಗ್ಲೌಸ್ ಹಾಕಿ, ಮೊದಲು ಕುತ್ತಿಗೆಯ ಹತ್ತಿರದ ಒಂದು ಎಳೆಗೆ ಹಚ್ಚಿ ನೋಡಿದೆ. ಆಮೇಲೆ ಒದ್ದೆ ಹೈಲೈಟ್ಸಿಗೆಲ್ಲ ಹಚ್ಚಿ, ಮೂರು ನಿಮಿಷ ಬಿಟ್ಟು ತೊಳೆದೆ. ಕಿತ್ತಳೆಯ ಉರಿ ಇಳಿಯಿತು. ನಾಲ್ಕು ದಿನದ ಮೇಲೆ ಇನ್ನೊಂದು ಸಲ ಹಾಕಿದಾಗ ಕೂದಲು ತಣ್ಣನೆಯ ಕಂದು ಬಣ್ಣಕ್ಕೆ ಬಂತು. ಹೊಂಬಣ್ಣವೇನೂ ಆಗಲಿಲ್ಲ. ಈ ಶಾಂಪೂಗಳು ಮೇಲೆ ತೆಳುವಾಗಿ ಬಣ್ಣ ಹಚ್ಚುತ್ತವೆ, ಕೂದಲನ್ನು ತಿಳಿ ಮಾಡುವುದಿಲ್ಲ. ಕೆಲವು ಸ್ನಾನಕ್ಕೆ ಹೋಗಿಬಿಡುವುದರಿಂದ ವಾರಕ್ಕೊಮ್ಮೆ ಹಾಕುತ್ತಿರಬೇಕು.

ನೇರಳೆ ಏಕೆ ಸೋತಿತು? ಕಿತ್ತಳೆಯೆಂದರೆ ಕೆಂಪು, ಹಳದಿ ಕೂಡಿದ್ದು. ನೇರಳೆಯೊಳಗೇ ಕೆಂಪು ಇದೆ, ಅದು ಕೆಂಪನ್ನು ಹೇಗೆ ತಾನೇ ಅಡಗಿಸೀತು?

ಉಳಿದ ಬಾಟಲಿಯನ್ನು ಅವಳ ಅಜ್ಜಿಗೆ ಕೊಡಲು ಹೇಳಿದೆ. ಬಿಸಿಲಿಗೂ ಬೋರ್‌ವೆಲ್‌ನ ಗಡಸು ನೀರಿಗೂ ಹಳದಿಗಟ್ಟಿದ ಬಿಳಿಕೂದಲಿಗೆ ನೇರಳೆಯೇ ಸರಿ. ಆದರೆ ಒಂದೆರಡು ನಿಮಿಷ ಸಾಕು. ಹೆಚ್ಚು ಬಿಟ್ಟರೆ ಬಿಳಿಯ ಮೇಲೆ ನೇರಳೆ ಛಾಯೆ ನಿಲ್ಲುತ್ತದೆ. ಅಲ್ಲಿ ನೀಲಿ ಹಾಕಿದರೆ ಹಳದಿಯ ಜೊತೆ ಸೇರಿ ಹಸಿರಾಗಿ ಕಾಣಬಹುದು.

ಆರಿಸುವಾಗ ಒಣಗಿದ ಕೂದಲನ್ನು ಕಿಟಕಿಯ ಬೆಳಕಿನಲ್ಲಿ ನೋಡಿ. ಟ್ಯೂಬ್‌ಲೈಟ್ ಮೋಸ ಮಾಡುತ್ತದೆ. ಬಾಳೆಹಣ್ಣಿನ ಸಿಪ್ಪೆಯ ಒಳಮೈಯಂತಿದ್ದರೆ ನೇರಳೆ, ಕಿತ್ತಳೆ ಸಿಪ್ಪೆಯಂತಿದ್ದರೆ ನೀಲಿ. ಬುಡದ ಕಡೆ ಕಿತ್ತಳೆ, ತುದಿ ಹಳದಿ ಇದ್ದರೆ ಎರಡನ್ನೂ ಅದದರ ಜಾಗಕ್ಕೆ ಹಚ್ಚಿ. ಬ್ಲೀಚ್ ಕಾಣದ ಕಪ್ಪು ಕೂದಲಿಗೆ ಮಾತ್ರ ಎರಡೂ ದಂಡ.