ಅರವತ್ತು ಸಲ ಒತ್ತಿದರೆ ಒಂದು ಯಕ್ಷಗಾನ

ಪಾರ್ಶ್ವವಾಯು ಬಡಿದ ಮೇಲೆ ಅಪ್ಪನಿಗೆ ಉಳಿದದ್ದು ಎಡಗೈ ಮತ್ತು ಟಿವಿ. ರಿಮೋಟಿನ ಮೈಕ್ ಒತ್ತಿ 'ಯಕ್ಷಗಾನ' ಎಂದು ಹೇಳಿದರೆ ಎರಡು ಸೆಕೆಂಡಿನ ಕೆಲಸ. ಆದರೆ ಅಪ್ಪನ ತೊದಲು ಮಾತು ಅದಕ್ಕೆ ಅರ್ಥವಾಗುತ್ತಿರಲಿಲ್ಲ. ಒಮ್ಮೆ ಯಾವುದೋ ಅಡುಗೆ ವಿಡಿಯೋ ತೆರೆದುಕೊಂಡಿತು. ಅಮ್ಮ ನಕ್ಕಳು. ಅಪ್ಪ ಅವತ್ತಿನಿಂದ ಮೈಕ್ ಮುಟ್ಟಲಿಲ್ಲ.

ನನ್ನ ಫೋನಿನಲ್ಲಿ ಹುಡುಕಿ ಟಿವಿಗೆ ಕಳಿಸುವುದು ಸುಲಭ, ಎರಡೂ ಒಂದೇ ವೈಫೈನಲ್ಲಿದ್ದರೆ ಸಾಕು. ಆದರೆ ನಾನು ಬೆಂಗಳೂರಿಗೆ ಹೊರಟರೆ ಫೋನೂ ನನ್ನ ಜೊತೆ ಹೊರಡುತ್ತದೆ.

ಉಳಿದದ್ದು ಪರದೆಯ ಮೇಲಿನ ಅಕ್ಷರಗಳು. ನಮ್ಮ ಟಿವಿಯಲ್ಲಿ ಅವು a ಯಿಂದ z ವರೆಗೆ, ಸಾಲಿಗೆ ಏಳರಂತೆ ಇವೆ. ಒಂದು ಸಂಜೆ ಪಕ್ಕದಲ್ಲಿ ಕೂತು ಎಣಿಸಿದೆ. yakshagana ಎಂದು ಬರೆಯಲು ಬಾಣದ ಗುಂಡಿ 50 ಸಲ, OK 10 ಸಲ, ಒಟ್ಟು 60. ಈ ಪದದಲ್ಲಿ ನಾಲ್ಕು a ಇವೆ. ಪ್ರತಿ ಸಲವೂ ಮೊದಲ ಮೂಲೆಗೆ ಹಿಂತಿರುಗಬೇಕು. g ಯಿಂದ a ಗೆ ಆರು ಹೆಜ್ಜೆ, n ನಿಂದ ಏಳು. ಬೇಗ ಆಗಲೆಂದು ಗುಂಡಿಯನ್ನು ಒತ್ತಿ ಹಿಡಿದರೆ ಬೇಕಾದ ಅಕ್ಷರ ದಾಟಿ ಹೋಗುತ್ತಿತ್ತು.

"ಅಪ್ಪಾ, ಪೂರ್ತಿ ಬರೀಬೇಡಿ" ಅಂದೆ. ಮೊದಲೇ ಹುಡುಕಿದ್ದ ಪದವಾದ್ದರಿಂದ yak ಎಂಬಷ್ಟರಲ್ಲೇ ಅದು ಪರದೆಯ ಮೇಲೆ ಸೂಚನೆಯಾಗಿ ಬಂತು. ಅಲ್ಲಿಗೆ 19 ಒತ್ತು, ಆಮೇಲೆ ಸೂಚನೆಗೆ ಸರಿಯಲು ಇನ್ನು ಕೆಲವು. ಅಪ್ಪನಿಗೆ ಖುಷಿಯಾಯಿತು. ಆದರೆ ಹೊಸ ಪ್ರಸಂಗದ ಹೆಸರು ಬೇಕಾದಾಗ ಮತ್ತೆ ಅದೇ ಪಾಡು.

ಅಪ್ಪ ತಾಲ್ಲೂಕು ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದವರು ಎಂಬುದು ನನಗೆ ಹೊಳೆದದ್ದು ಆಗ. ಅವರ ಬೆರಳುಗಳಿಗೆ y ಎಲ್ಲಿದೆಯೆಂದು ಗೊತ್ತು; ಪರದೆಯ ವರ್ಣಮಾಲೆಯಲ್ಲಿ ಮಾತ್ರ ಅವರು ಅದನ್ನು ಹುಡುಕಬೇಕಿತ್ತು. ಹಳೆಯ ವೈರ್‌ಲೆಸ್ ಕೀಬೋರ್ಡಿನ ಪುಟ್ಟ ಯುಎಸ್‌ಬಿ ತುಂಡನ್ನು ಟಿವಿಯ ಹಿಂಬದಿಗೆ ಚುಚ್ಚಿದೆ. ಬೇರೇನೂ ಮಾಡಬೇಕಾಗಲಿಲ್ಲ. ಹುಡುಕುವ ಜಾಗಕ್ಕೆ ಹೋಗಿ ಕೀಬೋರ್ಡನ್ನು ಅವರ ತೊಡೆಯ ಮೇಲಿಟ್ಟೆ.

ಎಡಗೈ ಒಂದೇ. k, h, n ಗಳು ಬಲಗೈಯ ಅಕ್ಷರಗಳು, ಅಲ್ಲಿಗೆ ಕೈ ಸರಿಸಬೇಕು. ಆದರೂ ಹತ್ತು ಅಕ್ಷರಕ್ಕೆ ಹತ್ತೇ ಒತ್ತು, ಕೊನೆಗೆ ಎಂಟರ್. ಅಪ್ಪ ಕೀಗಳನ್ನು ನೋಡಲೇ ಇಲ್ಲ.

ಎಲ್ಲ ಆ್ಯಪ್‌ಗಳೂ ಇದಕ್ಕೆ ಒಪ್ಪುವುದಿಲ್ಲ. ನಮ್ಮ ಸಿನಿಮಾ ಆ್ಯಪ್ ಒಂದರಲ್ಲಿ ಎಷ್ಟು ಒತ್ತಿದರೂ ಅಕ್ಷರ ಮೂಡುವುದಿಲ್ಲ; ಅಲ್ಲಿ ಕೀಬೋರ್ಡಿನ ಬಾಣದ ಕೀಗಳು ರಿಮೋಟಿನಂತೆ ಕೆಲಸ ಮಾಡುತ್ತವೆ, ಅಷ್ಟೇ. ಅಪ್ಪ ಆ ಆ್ಯಪ್ ಬಿಟ್ಟಿದ್ದಾರೆ.

ಕಳೆದ ವಾರ ಊರಿಗೆ ಹೋದಾಗ ಟಿವಿಯಲ್ಲಿ ಚೆಂಡೆ ಬಾರಿಸುತ್ತಿತ್ತು. "ಯಾರು ಹಾಕಿದ್ದು?" ಎಂದು ಅಮ್ಮನನ್ನು ಕೇಳಿದೆ. ಅಪ್ಪ ಎಡಗೈ ಎತ್ತಿ ಬೆರಳುಗಳನ್ನು ಗಾಳಿಯಲ್ಲಿ ಆಡಿಸಿದರು.